“ಟೀಮ್‌ನವರ ಜೊತೆ ಒಪ್ಪದೇ ಇದ್ದದ್ದು ಯಾವಾಗ?” ಎಂದು ಕೇಳಿದರೆ: ಹಾಲಿನ ಲೆಕ್ಕದ ಒಂದು ಉದಾಹರಣೆ

ಚಿಕ್ಕಪ್ಪನ ಮಗಳು ಪೆರ್ಲದಿಂದ ಮಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಎರಡು ದಿನ ಇದ್ದಳು. ಇಂಜಿನಿಯರಿಂಗ್ ಮುಗಿದಿದೆ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಇತ್ತು. ರಾತ್ರಿ ಊಟ ಆದ ಮೇಲೆ ಕೇಳಿದಳು. “ಕೋಡಿಂಗ್ ಪ್ರಶ್ನೆ ಹೇಗಾದರೂ ಆಗ್ತದೆ ಅಣ್ಣ. ಟೀಮ್‌ನವರ ಜೊತೆ ನಿನಗೆ ಒಪ್ಪಿಗೆ ಆಗದ ಒಂದು ಸಂದರ್ಭ ಹೇಳು ಅಂತ ಕೇಳ್ತಾರಲ್ಲ, ಅದಕ್ಕೆ ಏನು ಹೇಳುವುದು?”

ಹೋದ ಸಲ ಏನು ಹೇಳಿದೆ ಅಂತ ಕೇಳಿದೆ.

“ನಮ್ಮ ಟೀಮಲ್ಲಿ ಜಗಳವೇ ಆಗಿಲ್ಲ ಸರ್ ಅಂದೆ.”

ನಾನು ಕೆಲವು ವರ್ಷಗಳಿಂದ ಮೇಜಿನ ಆಚೆ ಬದಿ ಕೂತು ಇದೇ ಪ್ರಶ್ನೆ ಕೇಳುವವನು. ಈ ಉತ್ತರವನ್ನು ನಮ್ಮ ಊರಿನ ಕಡೆಯ ಮಕ್ಕಳಿಂದ ಎಷ್ಟು ಸಲ ಕೇಳಿದ್ದೇನೋ. ತಲೆಯೊಳಗೆ ಪ್ರಶ್ನೆ ಕನ್ನಡಕ್ಕೆ ಬರುವಾಗ ‘ಜಗಳ’ ಆಗಿಬಿಡುತ್ತದೆ. ಜಗಳ ಮಾಡಿದೆ ಅಂತ ಕೆಲಸ ಕೊಡುವವರ ಮುಂದೆ ಯಾರು ಹೇಳುತ್ತಾರೆ? ಪ್ರಶ್ನೆ ಇರುವುದು ಜಗಳದ ಬಗ್ಗೆ ಅಲ್ಲ. ಇಬ್ಬರಿಗೆ ಎರಡು ದಾರಿ ಸರಿ ಅನ್ನಿಸಿದಾಗ ಯಾವ ದಾರಿ ಅಂತ ಹೇಗೆ ತೀರ್ಮಾನ ಆಯಿತು ಎಂಬುದರ ಬಗ್ಗೆ. ನನ್ನ ಮುಂದಿನ ಹಾಳೆಯಲ್ಲಿ ನಾನು ಗುರುತು ಹಾಕುವುದು ಮೂರೇ ವಿಷಯ. ಆಚೆಯವರ ವಾದ ಇವಳಿಗೆ ಅರ್ಥ ಆಗಿತ್ತಾ? ತೀರ್ಮಾನ ಯಾವುದರ ಮೇಲೆ ಆಯಿತು, ಗಟ್ಟಿ ಸ್ವರದ ಮೇಲೋ, ಕೈಯಲ್ಲಿದ್ದ ಲೆಕ್ಕದ ಮೇಲೋ? ತೀರ್ಮಾನ ಆದ ಮೇಲೆ ಇವಳು ಏನು ಮಾಡಿದಳು?

ಆ ರಾತ್ರಿ ನಾವಿಬ್ಬರು ಕೂತು ಅವಳ ಉತ್ತರ ಕಟ್ಟಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಘಟನೆ ಆರಿಸುವುದು

ಅವಳು ಮೊದಲು ಹೇಳಿದ್ದು, ಟೀಮ್‌ನಲ್ಲಿ ಒಬ್ಬ ಕೆಲಸವೇ ಮಾಡುತ್ತಿರಲಿಲ್ಲ, ಕೊನೆಗೆ ರಿಪೋರ್ಟ್ ಎಲ್ಲ ಅವಳೇ ಬರೆದಳು ಎಂಬ ಕತೆ. ಬೇಡ ಅಂದೆ. ಅದು ಭಿನ್ನಾಭಿಪ್ರಾಯ ಅಲ್ಲ, ದೂರು. ಕೇಳುವವನಿಗೆ ಆ ಹುಡುಗನ ಬದಿ ಗೊತ್ತಿಲ್ಲ, ನಂಬಬೇಕೋ ಬೇಡವೋ ತಿಳಿಯುವುದಿಲ್ಲ. ಎರಡನೆಯದು, ಆ್ಯಪ್‌ನ ಬಣ್ಣ ಹಸಿರು ಇರಬೇಕೋ ನೀಲಿ ಇರಬೇಕೋ ಎಂಬ ಚರ್ಚೆ. ಅದೂ ಬೇಡ. ಯಾವ ಬಣ್ಣ ಆದರೂ ಯಾರಿಗೂ ನಷ್ಟ ಇರಲಿಲ್ಲ.

ಆಮೇಲೆ ಸುಮ್ನೆ ಮಾತಿನ ನಡುವೆ ಹೇಳಿದಳು. “ಮತ್ತೆ ಆ ಡಬಲ್ ಎಂಟ್ರಿ ವಿಷಯದಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವನಿಗೂ ನನಗೂ ಒಂದು ವಾರ ಆಗಿಬರಲಿಲ್ಲ.” ಅದನ್ನೇ ಹಿಡಿದುಕೊಂಡೆವು.

ವಿಷಯ ಹೀಗೆ. ಊರಿನ ಹಾಲಿನ ಸೊಸೈಟಿಗೆ ನಾಲ್ಕು ಜನ ಸೇರಿ ಒಂದು ಆ್ಯಪ್ ಮಾಡಿದ್ದರು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಮನೆಮನೆಯಿಂದ ಹಾಲು ಬರುತ್ತದೆ. ಗುಮಾಸ್ತರು ಸದಸ್ಯರ ನಂಬ್ರ, ಲೀಟರ್, ಫ್ಯಾಟ್ ಇಷ್ಟನ್ನು ಫೋನ್‌ನಲ್ಲಿ ಹಾಕುತ್ತಾರೆ, ಫೋನ್ ಅದನ್ನು ಸರ್ವರ್‌ಗೆ ಕಳಿಸುತ್ತದೆ. ಮಳೆಗಾಲ ಶುರುವಾದ ಮೇಲೆ ಲೆಕ್ಕ ತಪ್ಪತೊಡಗಿತು. ಕ್ಯಾನ್‌ನಲ್ಲಿ ಅಳೆದ ಹಾಲಿಗಿಂತ ಆ್ಯಪ್‌ನ ಮೊತ್ತ ಜಾಸ್ತಿ. ನೋಡಿದರೆ ಒಬ್ಬರ ನಾಲ್ಕೂವರೆ ಲೀಟರ್ ಎರಡು ಸಲ ಕೂತು ಒಂಬತ್ತು ಆಗಿತ್ತು.

ಕಾರಣ ನೆಟ್‌ವರ್ಕ್. ಫೋನ್ ಕಳಿಸಿದ್ದು ಸರ್ವರ್‌ಗೆ ಮುಟ್ಟಿದೆ, ಸರ್ವರ್ ಬರೆದುಕೊಂಡಿದೆ, ಆದರೆ ‘ಆಯಿತು’ ಎಂಬ ಉತ್ತರ ಹಿಂದೆ ಬರುವಾಗ ಸಿಗ್ನಲ್ ಹೋಗಿದೆ. ಫೋನ್‌ಗೆ ಗೊತ್ತಿರುವುದು ಉತ್ತರ ಬರಲಿಲ್ಲ ಎಂಬುದಷ್ಟೇ. ಅದು ಪುನಃ ಕಳಿಸಿತು. ಸರ್ವರ್ ಪುನಃ ಬರೆಯಿತು.

ಇದು ಒಳ್ಳೆಯ ಘಟನೆ ಯಾಕೆ? ತಪ್ಪಿದರೆ ಯಾರದೋ ದುಡ್ಡು ಹೋಗುತ್ತದೆ. ಸರಿ ಮಾಡಲು ಎರಡು ದಾರಿ ಇದ್ದವು, ಎರಡಕ್ಕೂ ಕಾರಣ ಇತ್ತು. ಯಾವುದು ಸರಿ ಎಂದು ಪರೀಕ್ಷೆ ಮಾಡಿ ನೋಡಲು ಸಾಧ್ಯ ಇತ್ತು. ಈ ಮೂರೂ ಇಲ್ಲದ ಘಟನೆಯಿಂದ ಉತ್ತರ ಕಟ್ಟುವುದು ಕಷ್ಟ.

ಅವನ ವಾದವನ್ನು ಮೊದಲು ಬರೆಯುವುದು

ಇಲ್ಲಿಯೇ ಹೆಚ್ಚಿನವರು ಜಾರುತ್ತಾರೆ. ಅವಳೂ ಜಾರಿದಳು. “ಅವನು ಸುಲಭದ ದಾರಿ ಹುಡುಕಿದ, ನಾನು ಸರಿಯಾದ ದಾರಿ ಹೇಳಿದೆ” ಎಂದು ಬರೆದಳು. ಆ ಹಾಳೆ ಬದಿಗಿಡಿಸಿದೆ. ನೀನು ಅವನೇ ಅಂತ ಇಟ್ಟುಕೊಂಡು, ಅವನ ಪರವಾಗಿ ನಾಲ್ಕು ವಾಕ್ಯ ಬರೆ ಅಂದೆ. ಬರೆದದ್ದನ್ನು ಕಾಞಂಗಾಡಿನಲ್ಲಿರುವ ಅವನಿಗೆ ಓದಿದರೆ “ಹೌದು, ನಾನು ಹೇಳಿದ್ದು ಅದೇ” ಅನ್ನಬೇಕು.

ಸುಮಾರು ಹೊತ್ತು ಹಿಡಿಯಿತು. ಕೊನೆಗೆ ಬಂದದ್ದು ಇದು. ಕಾಗದದ ರಿಜಿಸ್ಟರ್‌ನಲ್ಲಿ ಒಬ್ಬ ಸದಸ್ಯನಿಗೆ ಒಂದು ಹೊತ್ತಿಗೆ ಒಂದು ಸಾಲು. ಹಾಗಾಗಿ ಡೇಟಾಬೇಸ್‌ನಲ್ಲೂ ಸದಸ್ಯರ ನಂಬ್ರ, ತಾರೀಕು, ಹೊತ್ತು ಈ ಮೂರೂ ಒಂದೇ ಆದರೆ ಎರಡನೆಯದನ್ನು ಬಿಟ್ಟುಬಿಡಬೇಕು. ಆಗಲೇ ಕೂತ ಡಬಲ್ ತೆಗೆದು, ಸರ್ವರ್‌ನಲ್ಲಿ ಈ ನಿಯಮ ಸೇರಿಸಿ, ಅದು ತಡೆದದ್ದನ್ನು ಸುಮ್ಮನೆ ಬಿಟ್ಟರೆ ಸಾಕು:

```sql
ALTER TABLE milk_entry
ADD UNIQUE (member_no, day, shift);
```

ಫೋನ್‌ನ ಆ್ಯಪ್ ಮುಟ್ಟಬೇಕಾಗಿಲ್ಲ. ಇನ್ನೂ ಒಂದು ಲಾಭ ಇದೆ. ಗುಮಾಸ್ತರೇ ಮರೆತು ಒಬ್ಬರದ್ದನ್ನು ಎರಡು ಸಲ ಹಾಕಿದರೆ ಅದನ್ನೂ ಇದು ಹಿಡಿಯುತ್ತದೆ.

ಇದನ್ನು ಓದಿ ನಾನು, “ಇದು ಚೆನ್ನಾಗಿಯೇ ಇದೆಯಲ್ಲ” ಅಂದೆ. ಅವಳ ಮುಖ ಸಣ್ಣದಾಯಿತು. ಆದರೆ ಕೇಳುವವನಿಗೆ ಈ ಹಂತದಲ್ಲಿ ಹಾಗೆಯೇ ಅನ್ನಿಸಬೇಕು. ಅವನ ವಾದ ಬಡಕಲಾದರೆ ನಿಮ್ಮ ಗೆಲುವಿಗೂ ತೂಕ ಇಲ್ಲ.

ನಿಮ್ಮ ವಾದ, ಒಂದೇ ಕಾರಣದಲ್ಲಿ

ಅವಳ ಆಕ್ಷೇಪ ಸಣ್ಣದು. ಒಂದು ಹೊತ್ತಿಗೆ ಒಬ್ಬರು ಎರಡು ಸಲ ಹಾಲು ಹಾಕುವುದು ನಿಜಕ್ಕೂ ಉಂಟು. ಮನೆಯಿಂದ ಎರಡು ಕ್ಯಾನ್ ಬಂದರೆ ಬೇರೆ ಬೇರೆಯಾಗಿ ಫ್ಯಾಟ್ ನೋಡುತ್ತಾರೆ. ಅಪ್ಪ ಮೂರು ಲೀಟರ್ ತಂದು ಹೋದ ಮೇಲೆ ಮಗ ಇನ್ನೆರಡು ತರುತ್ತಾನೆ. ಅವನ ನಿಯಮ ಹಾಕಿದರೆ ಆ ಎರಡನೇ ಹಾಲು ಸದ್ದಿಲ್ಲದೆ ಮಾಯ. ಡಬಲ್ ಆದರೆ ನಷ್ಟ ಸೊಸೈಟಿಗೆ, ಮೊತ್ತ ತಾಳೆ ನೋಡುವಾಗ ಅದಕ್ಕೆ ಗೊತ್ತಾಗುತ್ತದೆ. ಮಾಯ ಆದರೆ ನಷ್ಟ ಹಾಲು ತಂದವರಿಗೆ, ಅವರಿಗೆ ಗೊತ್ತಾಗುವುದು ಬಟವಾಡೆಯ ದಿನ.

ಅವಳ ದಾರಿ ಬೇರೆ. ಪ್ರತಿ ಎಂಟ್ರಿಗೂ ಫೋನ್ ತಾನೇ ಒಂದು ಗುರುತು ಹಾಕಬೇಕು. ಎಷ್ಟು ಸಲ ಕಳಿಸಿದರೂ ಅದೇ ಗುರುತು ಹೋಗಬೇಕು. ಆ ಗುರುತು ಮೊದಲೇ ಇದ್ದರೆ ಸರ್ವರ್ ಪುನಃ ಬರೆಯಬಾರದು. entry_id ಕಾಲಮ್‌ಗೆ UNIQUE ಹಾಕಿದ ಮೇಲೆ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹೀಗೆ:

```sql
INSERT INTO milk_entry
  (entry_id, member_no, day, shift, litres, fat)
VALUES (?, ?, ?, ?, ?, ?)
ON CONFLICT (entry_id) DO NOTHING;
```

ಈ ಗುರುತಿಗೆ ಐಡೆಂಪೊಟೆನ್ಸಿ ಕೀ ಎಂದು ಹೆಸರು. ಹೆಸರು ಗೊತ್ತಿದ್ದರೆ ಒಂದು ಸಲ ಹೇಳಿ, ಸಾಕು. ಗೊತ್ತಿಲ್ಲದಿದ್ದರೆ “ಪ್ರತಿ ಎಂಟ್ರಿಗೂ ಫೋನ್ ಕೊಡುವ ಗುರುತು” ಅಂದರೂ ಮಾರ್ಕು ಹೋಗುವುದಿಲ್ಲ. ಹೆಸರು ಹೇಳಿ ವಿವರಿಸಲು ಬಾರದಿದ್ದರೆ ಮಾತ್ರ ಹೋಗುತ್ತದೆ.

ತೀರ್ಮಾನ ಹೇಗೆ ಆಯಿತು

ಉತ್ತರದ ಅರ್ಧ ಭಾಗ ಇದಕ್ಕೆ ಕೊಡಿ. “ಕೂತು ಮಾತಾಡಿ ಬಗೆಹರಿಸಿಕೊಂಡೆವು” ಎಂದು ಹಾರಿಸಿಬಿಟ್ಟರೆ ನನಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ.

ಅವರಿಬ್ಬರು ಮೊದಲ ನಾಲ್ಕು ದಿನ ವಾಟ್ಸಾಪ್‌ನಲ್ಲಿ ವಾದಿಸಿದ್ದರಂತೆ. ಅವನದ್ದು ಮಲಯಾಳ, ಇವಳದ್ದು ಕನ್ನಡ, ಮಧ್ಯದಲ್ಲಿ ಇಬ್ಬರದ್ದೂ ಅರ್ಧಂಬರ್ಧ ಇಂಗ್ಲಿಷ್. ಸುಮ್ನೆ ಕೇಳಿದ್ದೂ ಗದರಿಸಿದ ಹಾಗೆ ಕಾಣುತ್ತಿತ್ತು. ಐದನೇ ದಿನ ಇವಳು ಒಂದು ಮಾತು ಹೇಳಿದಳು. “ಒಂದು ಹೊತ್ತಿಗೆ ಎರಡು ಸಾಲು ನಿಜಕ್ಕೂ ಬರುತ್ತದಾ ಅಂತ ರಿಜಿಸ್ಟರ್‌ನಲ್ಲೇ ನೋಡುವ. ಬರದಿದ್ದರೆ ನಿನ್ನ ದಾರಿಗೆ ನಾನು ರೆಡಿ.”

ನೋಡುವ ಮೊದಲೇ, ಏನು ಕಂಡರೆ ತನ್ನ ಮಾತು ಬಿಡುತ್ತೇನೆ ಎಂದು ಹೇಳಿದ್ದಾಳೆ. ಇದನ್ನು ಅವಳು ಉತ್ತರದಲ್ಲಿ ಸೇರಿಸಿಯೇ ಇರಲಿಲ್ಲ! ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಸೆಕ್ರೆಟರಿಯವರ ಒಪ್ಪಿಗೆ ಕೇಳಿ ಇಬ್ಬರೂ ಕೂತು 15 ದಿನದ, ಅಂದರೆ 30 ಹೊತ್ತಿನ ರಿಜಿಸ್ಟರ್ ತಿರುವಿದರು. ಒಬ್ಬರಿಗೇ ಎರಡು ಸಾಲು ಇದ್ದದ್ದು 11 ಕಡೆ. ಅದರಲ್ಲಿ 9 ನಿಜವಾದ ಎರಡನೇ ಹಾಲು. ಉಳಿದ 2 ಗುಮಾಸ್ತರ ತಪ್ಪು, ಆಮೇಲೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದು. ಒಂಬತ್ತು ಇವಳ ಕಡೆಗೆ, ಎರಡು ಅವನ ಕಡೆಗೆ.

ಎರಡನೇ ಪರೀಕ್ಷೆ ಕೋಡ್‌ನದ್ದು. ಮಳೆ ಬಂದು ಸಿಗ್ನಲ್ ಹೋಗುವವರೆಗೆ ಕಾಯಲು ಆಗುವುದಿಲ್ಲ. ಆದ್ದರಿಂದ ಸರ್ವರ್ ಸಾಲು ಬರೆದ ಮೇಲೆ, ಉತ್ತರ ಕಳಿಸುವ ಮುಂಚೆ, 10 ಸೆಕೆಂಡ್ ತಡೆಯುವ ಹಾಗೆ ಮಾಡಿದರು. ಫೋನ್ ಕಾಯುವುದು 5 ಸೆಕೆಂಡ್ ಮಾತ್ರ, ಆಮೇಲೆ ಪುನಃ ಕಳಿಸುತ್ತದೆ. ಎರಡನೇ ಸಲಕ್ಕೆ ತಡೆ ಇಲ್ಲ. ಹೀಗೆ 20 ಎಂಟ್ರಿ ಹಾಕಿದರು. ಏನೂ ಸರಿ ಮಾಡದ ಹಳೆಯ ಕೋಡ್‌ನಲ್ಲಿ 40 ಸಾಲು ಬಂತು. ಅವನ ನಿಯಮದಲ್ಲಿ 20. ಇವಳ ಗುರುತಿನ ದಾರಿಯಲ್ಲಿ?

40.

ನೀವು ಎಡವಿದ ಜಾಗ ಬಿಡಬೇಡಿ

ಈ ನಲವತ್ತನ್ನು ಅವಳು ನನ್ನಿಂದಲೂ ಮುಚ್ಚಿಟ್ಟಿದ್ದಳು. “20 ಬಂತು” ಎಂದೇ ಬರೆದಿದ್ದಳು. ಮೊದಲ ಸಲವೇ ಬಂತಾ ಅಂತ ಕೇಳಿದ್ದಕ್ಕೆ ಬಾಯಿಬಿಟ್ಟಳು.

ತಪ್ಪು ಇದ್ದದ್ದು ಗುರುತು ಹುಟ್ಟುವ ಹೊತ್ತಿನಲ್ಲಿ. ಕಳಿಸುವ ಫಂಕ್ಷನ್‌ನ ಒಳಗೆ ಅವಳು ಗುರುತು ಮಾಡಿದ್ದಳು. ಹಾಗಾಗಿ ಪುನಃ ಕಳಿಸುವಾಗ ಫಂಕ್ಷನ್ ಪುನಃ ಓಡಿ ಹೊಸ ಗುರುತು ಹುಟ್ಟಿತು. ಸರ್ವರ್‌ಗೆ ಅದು ಬೇರೆಯದೇ ಎಂಟ್ರಿ.

```js
// ತಪ್ಪು: ಪ್ರತಿ ಸಲ ಹೊಸ ಗುರುತು
function send(entry) {
  entry.entry_id = crypto.randomUUID();
  return post(entry);
}

// ಸರಿ: ಸೇವ್ ಒತ್ತಿದಾಗ ಒಮ್ಮೆ ಮಾತ್ರ
function onSave(entry) {
  entry.entry_id = crypto.randomUUID();
  queue.add(entry);
}
```

ಇದನ್ನು ಕಂಡುಹಿಡಿದವನು ಅವನೇ. ಇವಳ ಕೋಡ್ ಓದಿ, “ನಿನ್ನ ದಾರಿ ಸರಿ ಇರಬಹುದು, ಆದರೆ ಗುರುತು ಸೇವ್ ಒತ್ತುವಾಗ ಹುಟ್ಟಬೇಕು” ಅಂದ. ತಿದ್ದಿದ ಮೇಲೆ 20 ಬಂತು.

ಇದನ್ನು ಹೇಳಿದರೆ ನಾನು ಕೆಳಗೆ ಬೀಳುವುದಿಲ್ಲವಾ ಅಂತ ಅವಳ ಹೆದರಿಕೆ. ನಾನು ಕೇಳುವವನಾಗಿ ಹೇಳುತ್ತೇನೆ, ಉತ್ತರ ನಿಜ ಎಂದು ನಂಬಿಕೆ ಬರುವುದೇ ಇಲ್ಲಿ. ಎಲ್ಲೋ ಓದಿ ಕಂಠಪಾಠ ಮಾಡಿದವರ ಕತೆಯಲ್ಲಿ ಮೊದಲ ಸಲವೇ 20 ಬರುತ್ತದೆ.

ಒಂದು ಎಚ್ಚರ. ಎಡವಿದ್ದು ಸಿಗಲಿಲ್ಲ ಅಂತ ಹೊಸದಾಗಿ ಕಟ್ಟಿಕೊಳ್ಳಬೇಡಿ. ಮುಂದಿನ ಎರಡು ಪ್ರಶ್ನೆಯಲ್ಲಿ ಅದು ಬಿಚ್ಚಿಕೊಳ್ಳುತ್ತದೆ.

ಕೊನೆಗೆ ಏನು ಆಯಿತು

ಪುನಃ ಕಳಿಸುವುದರಿಂದ ಆಗುವ ಡಬಲ್‌ಗೆ ಇವಳ ಗುರುತು. ಗುಮಾಸ್ತರ ಕೈತಪ್ಪಿಗೆ ಅವನ ನಿಯಮ, ಆದರೆ ತಡೆಯಾಗಿ ಅಲ್ಲ, ಎಚ್ಚರಿಕೆಯಾಗಿ. ಅದೇ ಸದಸ್ಯರದ್ದು ಅದೇ ಹೊತ್ತಿಗೆ ಒಂದು ಎಂಟ್ರಿ ಇದ್ದರೆ ಫೋನ್ ಕೇಳುತ್ತದೆ: “ಇವರದ್ದು ಆಗಲೇ ಒಂದು ಇದೆ. ಇನ್ನೊಂದು ಸೇರಿಸಬೇಕೇ?” ಹೌದು, ಅಲ್ಲ ಎರಡೇ ಬಟನ್. ನೋಡಲು ರಾಜಿಯ ಹಾಗೆ ಕಾಣುತ್ತದೆ. ಆದರೆ ಇಬ್ಬರನ್ನೂ ಸಮಾಧಾನ ಮಾಡಲು ಹೀಗೆ ಮಾಡಿದ್ದಲ್ಲ. ಡಬಲ್ ಆಗಲು ಎರಡು ಬೇರೆ ಕಾರಣ ಇತ್ತು. ಇವಳ ದಾರಿ ನೆಟ್‌ವರ್ಕಿನದ್ದನ್ನಷ್ಟೇ ಹಿಡಿಯುತ್ತಿತ್ತು, ಅವನದ್ದು ಎರಡನ್ನೂ ಹಿಡಿದರೂ ನಿಜವಾದ ಎರಡನೇ ಹಾಲನ್ನೂ ಬಿಟ್ಟುಬಿಡುತ್ತಿತ್ತು. ಇಂಟರ್‌ವ್ಯೂನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ “ಅರ್ಧ ನಿನ್ನದು, ಅರ್ಧ ನನ್ನದು” ಅಂತ ಹಂಚಿಕೊಂಡ ಹಾಗೆ ಕೇಳಿಸುತ್ತದೆ.

ಬೆಲೆಯನ್ನೂ ಹೇಳಿ. ಆ್ಯಪ್ ಬದಲಾಯಿಸಲು ಮೂರು ದಿನ ಜಾಸ್ತಿ ಹೋಯಿತು, ಸೊಸೈಟಿಯ ಎರಡು ಫೋನ್‌ಗೂ ಪುನಃ ಹಾಕಬೇಕಾಯಿತು. ಫಲಿತಾಂಶಕ್ಕೆ ಅವಳು “ನೂರಕ್ಕೆ ನೂರು ಸರಿ ಆಯಿತು” ಎಂದು ಬರೆದಿದ್ದಳು. ಅದನ್ನು ಹೊಡೆಸಿದೆ. ಅವಳಿಗೆ ನಿಜವಾಗಿ ಗೊತ್ತಿದ್ದದ್ದು, ಆರು ವಾರ ದಿನಾ ರಿಜಿಸ್ಟರ್ ಜೊತೆ ತಾಳೆ ನೋಡಿದರು, ನೆಟ್‌ವರ್ಕಿನಿಂದ ಆದ ಡಬಲ್ ಒಂದೂ ಸಿಗಲಿಲ್ಲ ಎಂಬುದು. ಅಷ್ಟೇ ಸಾಕು.

ಎರಡು ನಿಮಿಷಕ್ಕೆ ಇಳಿಸುವುದು

ಸ್ಟಾರ್ ಎಂಬ ಚೌಕಟ್ಟು ಕೇಳಿರುತ್ತೀರಿ. ಸಂದರ್ಭ, ಹೊಣೆ, ಮಾಡಿದ್ದು, ಫಲ ಎಂಬ ನಾಲ್ಕು ಭಾಗ. ಕೆಟ್ಟದ್ದಲ್ಲ. ಆದರೆ ಮಕ್ಕಳು ಸಂದರ್ಭಕ್ಕೇ ಒಂದೂವರೆ ನಿಮಿಷ ಕಳೆಯುತ್ತಾರೆ. ಇವಳೂ ಸೊಸೈಟಿಯಲ್ಲಿ ಎಷ್ಟು ಸದಸ್ಯರು, ಆ್ಯಪ್‌ನಲ್ಲಿ ಎಷ್ಟು ಪುಟ ಎಲ್ಲ ಹೇಳತೊಡಗಿದಳು. ಸಂದರ್ಭ ಮೂರು ವಾಕ್ಯದಲ್ಲಿ ಮುಗಿಯಬೇಕು. ಫೋನ್‌ನಲ್ಲಿ ಟೈಮರ್ ಇಟ್ಟು ಐದು ಸಲ ಹೇಳಿಸಿದೆ. ಕೊನೆಗೆ ನಿಂತದ್ದು ಹೀಗೆ. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿ, ಆದರೆ ಮೊದಲು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡೆವು:

“ಹಾಲಿನ ಸೊಸೈಟಿಗೆ ನಾವು ನಾಲ್ವರು ಒಂದು ಆ್ಯಪ್ ಮಾಡಿದ್ದೆವು. ಮಳೆಗಾಲದಲ್ಲಿ ಉತ್ತರ ಬರದಿದ್ದರೆ ಫೋನ್ ಪುನಃ ಕಳಿಸಿ, ಒಬ್ಬರ ಹಾಲು ಎರಡು ಸಲ ಕೂರುತ್ತಿತ್ತು. ಸರ್ವರ್ ನೋಡಿಕೊಳ್ಳುತ್ತಿದ್ದ ಜೊತೆಗಾರ, ಒಬ್ಬ ಸದಸ್ಯನಿಗೆ ಒಂದು ಹೊತ್ತಿಗೆ ಒಂದೇ ಸಾಲು ಎಂಬ ನಿಯಮ ಹಾಕೋಣ ಎಂದ. ಆ್ಯಪ್ ಮುಟ್ಟಬೇಕಾಗಿರಲಿಲ್ಲ, ಗುಮಾಸ್ತರ ಕೈತಪ್ಪನ್ನೂ ಅದು ಹಿಡಿಯುತ್ತಿತ್ತು. ನನ್ನ ಆತಂಕ, ಒಬ್ಬರು ನಿಜವಾಗಿ ಎರಡು ಸಲ ಹಾಲು ತಂದರೆ ಎರಡನೆಯದು ಕಾಣೆಯಾಗುತ್ತದೆ ಎಂಬುದು. ಪ್ರತಿ ಎಂಟ್ರಿಗೂ ಫೋನ್ ಒಂದು ಗುರುತು ಕೊಡಲಿ ಎಂದೆ. ನಾಲ್ಕು ದಿನ ಮೆಸೇಜ್‌ನಲ್ಲೇ ವಾದಿಸಿದೆವು, ಮುಂದೆ ಹೋಗಲಿಲ್ಲ. ಆಮೇಲೆ ನಾನು, ರಿಜಿಸ್ಟರ್‌ನಲ್ಲಿ ಎರಡು ಸಾಲು ಕಾಣದಿದ್ದರೆ ನಿನ್ನ ದಾರಿ ಒಪ್ಪುತ್ತೇನೆ ಎಂದೆ. 15 ದಿನದಲ್ಲಿ 11 ಕಡೆ ಇತ್ತು, 9 ನಿಜವಾದದ್ದು, 2 ಕೈತಪ್ಪು. ಇಬ್ಬರದ್ದೂ ಬೇಕು ಎಂದು ಆಗ ಗೊತ್ತಾಯಿತು. ನನ್ನ ಮೊದಲ ಕೋಡ್‌ನಲ್ಲಿ ಪ್ರತಿ ಸಲ ಕಳಿಸುವಾಗ ಹೊಸ ಗುರುತು ಹುಟ್ಟುತ್ತಿತ್ತು, ಅದನ್ನು ಹಿಡಿದವನು ಅವನೇ. ತಿದ್ದಿದೆ. ಅವನ ನಿಯಮವನ್ನು ಎಚ್ಚರಿಕೆಯಾಗಿ ಇಟ್ಟೆವು. ಮೂರು ದಿನ ಜಾಸ್ತಿ ಹಿಡಿಯಿತು. ಆಮೇಲೆ ಆರು ವಾರ ತಾಳೆ ನೋಡಿದೆವು, ನೆಟ್‌ವರ್ಕಿನ ಡಬಲ್ ಸಿಗಲಿಲ್ಲ.”

‘ನಾನು’ ಮತ್ತು ‘ನಾವು’ ಎಲ್ಲಿ ಬಂದಿದೆ ನೋಡಿ. ನಮ್ಮ ಕಡೆ ‘ನಾನು’ ಅನ್ನುವುದು ಜಂಬ ಅನ್ನಿಸಿ ಎಲ್ಲಕ್ಕೂ ‘ನಾವು’ ಅನ್ನುತ್ತೇವೆ. ಆಗ ಕೆಲಸ ಯಾರದ್ದೆಂದೇ ಗೊತ್ತಾಗುವುದಿಲ್ಲ. ಇಬ್ಬರೂ ಮಾಡಿದ್ದಕ್ಕೆ ನಾವು, ನೀವು ಹೇಳಿದ್ದಕ್ಕೆ, ನೀವು ತಪ್ಪಿದ್ದಕ್ಕೆ ನಾನು.

ಮುಂದಿನ ಪ್ರಶ್ನೆಗಳು

ಉತ್ತರ ಮುಗಿದ ಮೇಲೆಯೇ ಅಸಲಿ ಕೆದಕಾಟ. ಹೆಚ್ಚಾಗಿ ಬರುವುದು, ರಿಜಿಸ್ಟರ್ ನೋಡಿದ ಮೇಲೂ ಅವನು ಒಪ್ಪದಿದ್ದರೆ? ಇದಕ್ಕೆ “ಒಪ್ಪಿಸುತ್ತಿದ್ದೆ” ಅನ್ನಬೇಡಿ. ಅವಳು ತಯಾರು ಮಾಡಿಕೊಂಡದ್ದು, ಎರಡೂ ದಾರಿಯನ್ನು ಒಂದು ಹಾಳೆಯಲ್ಲಿ ಬರೆದು ಪ್ರಾಜೆಕ್ಟ್ ಗೈಡ್ ಮುಂದೆ ಇಡುತ್ತಿದ್ದೆ, ಅವರು ಅವನ ದಾರಿ ಅಂದರೆ ಅದನ್ನೇ ಮಾಡುತ್ತಿದ್ದೆ, ಆದರೆ ಬಿಟ್ಟುಹೋದ ಸಾಲುಗಳನ್ನು ಬೇರೆ ಟೇಬಲ್‌ನಲ್ಲಿ ಇಡೋಣ ಎಂದು ಕೇಳುತ್ತಿದ್ದೆ ಎಂಬುದು. ಮಾಯ ಆಗುವುದು ತಪ್ಪಿದರೆ ಅವಳ ಆತಂಕದ ಮುಖ್ಯ ಭಾಗ ಹೋಯಿತಲ್ಲ. ಅಮೆಜಾನ್ ತನ್ನ ನಿಯಮಗಳ ಪಟ್ಟಿಯಲ್ಲೇ ಇದನ್ನು ಬರೆದಿಟ್ಟಿದೆ: ಒಪ್ಪಿಗೆ ಇಲ್ಲದಿದ್ದರೆ ಹೇಳು, ತೀರ್ಮಾನ ಆದ ಮೇಲೆ ಪೂರ್ತಿ ಕೈಜೋಡಿಸು. ಅಲ್ಲಿಗೆ ಹೋಗುವವರು ಈ ಭಾಗವನ್ನು ಜಾಸ್ತಿ ತಯಾರು ಮಾಡಿಕೊಳ್ಳಿ.

ಇನ್ನೊಂದು, ಪುನಃ ಮಾಡಿದರೆ ಏನು ಬದಲಾಯಿಸುತ್ತೀರಿ? ಅವಳದ್ದು ನೇರ ಉತ್ತರ. ನಾಲ್ಕು ದಿನ ಮೆಸೇಜ್‌ನಲ್ಲಿ ಕಳೆಯುತ್ತಿರಲಿಲ್ಲ, ಮೊದಲ ದಿನವೇ ರಿಜಿಸ್ಟರ್ ಕೇಳುತ್ತಿದ್ದೆ.

ಮರುದಿನ ಇಂಟರ್‌ವ್ಯೂ ಮುಗಿಸಿ ಸಂಜೆ ಬಂದಳು. ಇದೆರಡರಲ್ಲಿ ಯಾವುದನ್ನೂ ಕೇಳಲಿಲ್ಲವಂತೆ. ಕೇಳಿದ್ದು, “ಅದೇ ಗುರುತು ಎರಡನೇ ಸಲ ಬಂದಾಗ ನಿಮ್ಮ ಸರ್ವರ್ ಫೋನ್‌ಗೆ ಏನು ಉತ್ತರ ಕೊಡುತ್ತದೆ?”

“ಏನು ಹೇಳಿದೆ?”

“ಮೊದಲು ಎರರ್ ಕೊಡುತ್ತಿದ್ದೆವು, ಆಗ ಫೋನ್ ಬಿಡದೆ ಕಳಿಸುತ್ತಲೇ ಇತ್ತು. ಆಮೇಲೆ, ಆಗಲೇ ಬರೆದಿದ್ದರೂ ‘ಆಯಿತು’ ಅಂತಲೇ ಉತ್ತರ ಕೊಡುವ ಹಾಗೆ ಮಾಡಿದೆವು ಅಂದೆ. ಅದನ್ನೂ ಅವನೇ ಹೇಳಿದ್ದು ಅಂತಲೂ ಅಂದೆ.”